ದುಡ್ಡು ಬಂದದ್ದು ಖಾತ್ರಿಯೇ?

30 ರೂಪಾಯಿ ಸೊಪ್ಪಿಗೆ 500ರ ನೋಟು ಚಾಚಿದರೆ ಚಿಲ್ಲರೆಗೆ ಪಕ್ಕದ ಗಾಡಿಗೆ ಓಡಬೇಕು; ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಮುಂದೆ ಹೋಗಿರುತ್ತಾರೆ. ಕ್ಯೂಆರ್ ಚೀಟಿ ಇದ್ದರೆ ಈ ನಷ್ಟ ತಪ್ಪುತ್ತದೆ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಕೊಡುವ ಹಣಕ್ಕೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವುದಿಲ್ಲ. ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗೆ ಮಾತ್ರ ಬಾಡಿಗೆ ಇರಬಹುದು, ಮೊದಲೇ ಕೇಳಿಕೊಳ್ಳಿ.

ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನಿಂದ ವ್ಯಾಪಾರಿಗಳ ಆ್ಯಪ್‌ನಲ್ಲಿ ನೋಂದಾಯಿಸಿದರೆ ಚೀಟಿ ಸಿಗುತ್ತದೆ. ಅದನ್ನು ಗಾಡಿಗೆ ಅಂಟಿಸಿ ಮರೆಯಬೇಡಿ. ರಾತ್ರಿ ಅದರ ಮೇಲೆ ತಮ್ಮ ಚೀಟಿ ಅಂಟಿಸಿ ಹೋಗುವ ಕಳ್ಳರಿದ್ದಾರೆ. ಆಗ ದಿನದ ದುಡಿಮೆಯೆಲ್ಲ ಅವರ ಪಾಲು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮನೆಯವರ ಫೋನಿನಿಂದ ಸ್ಕ್ಯಾನ್ ಮಾಡಿ 1 ರೂಪಾಯಿ ಹಾಕಿ ನೋಡಿ. ಪರದೆಯಲ್ಲಿ ನಿಮ್ಮದೇ ಹೆಸರು ಬರಬೇಕು, ಹಣ ನಿಮ್ಮ ಖಾತೆಗೇ ಸೇರಬೇಕು.

ಗಿರಾಕಿ ತೋರಿಸುವ ಹಸಿರು ಟಿಕ್ ಗುರುತು ಹಳೆಯದೋ ನಕಲಿಯೋ ಆಗಿರಬಹುದು. ನಿಮ್ಮ ಆ್ಯಪ್‌ನಲ್ಲಿ ಮೊತ್ತ ಕಂಡ ಮೇಲೆಯೇ ಸೊಪ್ಪು ಕೊಡಿ. ಹಣ ಪಡೆಯಲು ಪಿನ್ ಬೇಕಿಲ್ಲ. ಯಾರಾದರೂ ಕೇಳಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.