ತಿಂಗಳು ತಪ್ಪದ ‘ಲಾಭ’ ಎಲ್ಲಿಂದ ಬರುತ್ತದೆ?

‘ಹಲಾಲ್ ಹೂಡಿಕೆ, ಲಕ್ಷಕ್ಕೆ ತಿಂಗಳಿಗೆ 3,000’ ಎಂಬ ವಾಟ್ಸ್‌ಆ್ಯಪ್ ಮೆಸೇಜು ಬಂದರೆ ವಿಜಯನಗರ, ಕೆಂಗೇರಿ ಕಡೆಯ ನಮ್ಮ ಮನೆಗಳಲ್ಲಿ ಐಎಂಎ ನೆನಪಾಗಬೇಕು. ‘ಇದು ಬಡ್ಡಿಯಲ್ಲ, ನೀವು ಪಾಲುದಾರರು’ ಎಂದೇ ಶಿವಾಜಿನಗರದ ಆ ಕಂಪನಿ ಹಣ ಪಡೆದಿತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಹೋದರು, ಜುಲೈಯಲ್ಲಿ ದೆಹಲಿಯಲ್ಲಿ ಬಂಧನವಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಮದುವೆಯ ದುಡ್ಡು ಅಲ್ಲಿ ಸಿಕ್ಕಿಬಿದ್ದಿತ್ತು.

‘ನಮ್ಮ ಭಾವನಿಗೆ ಎರಡು ವರ್ಷದಿಂದ ಸರಿಯಾಗಿ ಬರ್ತಾ ಇದೆ’ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಯಾವ ವ್ಯಾಪಾರವನ್ನೂ ಮಾಡದೆ, ಭಾವ ಕೊಟ್ಟ ಲಕ್ಷದಿಂದಲೇ ತಿಂಗಳಿಗೆ 3,000 ತೆಗೆದುಕೊಟ್ಟರೂ ಅದು 33 ತಿಂಗಳು ಬರುತ್ತದೆ! ಹೊಸಬರ ಹಣ ಸೇರಿದರೆ ಇನ್ನೂ ಮುಂದೆ ಹೋಗುತ್ತದೆ. ನಿಜವಾದ ಪಾಲುದಾರಿಕೆಯಲ್ಲಿ ಲಾಭ ಏರಿಳಿಯುತ್ತದೆ, ನಷ್ಟದಲ್ಲೂ ಪಾಲಿರುತ್ತದೆ. ರಮಳಾನಿನ ವ್ಯಾಪಾರ ಮಳೆಗಾಲದಲ್ಲಿ ಯಾವ ಅಂಗಡಿಗಿದೆ?

ಹಣ ಕೊಡುವ ಮೊದಲು ಸೆಬಿ ವೆಬ್‌ಸೈಟಿನಲ್ಲಿ ಅವರ ನೋಂದಣಿ ನೋಡಿ. ಮೆಸೇಜಿನಲ್ಲಿ ಬಂದ ಸರ್ಟಿಫಿಕೇಟಿನ ಫೋಟೊ ಸಾಲದು. ಯಾರದ್ದೋ ಸ್ವಂತ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ಬಿಡಿ. ಹಣ ಹೋಗಿಬಿಟ್ಟಿದ್ದರೆ ಮನೆಯಲ್ಲಿ ಬಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಮುಂದಿನ ಖಾತೆಗೆ ದಾಟುವ ಮೊದಲಾದರೆ ತಡೆಹಿಡಿಯುವ ಅವಕಾಶ ಇರುತ್ತದೆ.