ಮೊತ್ತ ಮುಚ್ಚಿಟ್ಟ ಮೂರು ಸಂಗತಿ

ತಾಲ್ಲೂಕು ಮಟ್ಟದ ಒಂದು ಪತ್ತಿನ ಸಹಕಾರ ಸಂಘಕ್ಕೆ ಒಬ್ಬ ಅಕೌಂಟೆಂಟ್ ಬೇಕಾಗಿದೆ ಎಂದು ಇಟ್ಟುಕೊಳ್ಳೋಣ. ಪ್ರಕಟಣೆ ಹೊರಟಿತು, ಅರ್ಜಿಗಳು ಬಂದವು, ಸಂದರ್ಶನವೂ ಮುಗಿಯಿತು. ಸಂದರ್ಶನ ಮಾಡಿದವರು ಮೂವರು: ಸಂಘದ ಕಾರ್ಯದರ್ಶಿ, ಒಬ್ಬ ನಿರ್ದೇಶಕರು, ಹೊರಗಿನಿಂದ ಬಂದ ಲೆಕ್ಕಪರಿಶೋಧಕರು. ಉಳಿದುಕೊಂಡ ಅಭ್ಯರ್ಥಿಗಳೂ ಮೂವರೇ. ಅವರನ್ನು ಕ, ಖ, ಗ ಎನ್ನೋಣ. ನಾಳೆ ಆಯ್ಕೆ ಸಮಿತಿ ಸೇರುತ್ತದೆ. ಅದರ ಮುಂದೆ ಒಂದೇ ಪುಟದ ಹೋಲಿಕೆ ಇಡಬೇಕು.

ಬಹಳ ಕಡೆ ಈ ಪುಟ ತಯಾರಾಗುವುದು ಹೀಗೆ: ಒಂಬತ್ತು ಅಂಕಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಎಲ್ಲವನ್ನೂ ಕೂಡಿ, ಹೆಚ್ಚು ಬಂದವರ ಹೆಸರನ್ನು ಮೇಲೆ ಬರೆಯುವುದು. ನಮ್ಮ ಉದಾಹರಣೆಯ ಅಂಕಪಟ್ಟಿಯಲ್ಲಿ ಆರು ಅಂಶಗಳಿವೆ: ನಗದು ತಾಳೆ, ಟ್ಯಾಲಿ, ಆಡಿಟ್ ಸಿದ್ಧತೆ, ಸದಸ್ಯರೊಂದಿಗೆ ವ್ಯವಹಾರ, ಇಂಗ್ಲಿಷ್, ವ್ಯಕ್ತಿತ್ವ. ಒಂದೊಂದಕ್ಕೆ 5 ಅಂಕ. ಮೂವರು ಕೊಟ್ಟದ್ದನ್ನು ಕೂಡಿದರೆ 90ಕ್ಕೆ ಖ ಅವರಿಗೆ 67, ಕ ಅವರಿಗೆ 61, ಗ ಅವರಿಗೆ 59. ಇಲ್ಲಿಗೆ ನಿಲ್ಲಿಸಿದರೆ ಖ ಆಯ್ಕೆಯಾದಂತೆಯೇ.

ಹೋಲಿಕೆ ಶುರುವಾಗಬೇಕಾದದ್ದು ಅಂಕಪಟ್ಟಿಯಿಂದಲ್ಲ, ಪ್ರಕಟಣೆಯಿಂದ. ಸಂಘ ಏನು ಕೇಳಿತ್ತು? ಪಿಗ್ಮಿ ವಸೂಲಿಯೂ ಸೇರಿ ದಿನದ ನಗದನ್ನು ಅಂದೇ ತಾಳೆ ಮಾಡಬಲ್ಲವರು, ಟ್ಯಾಲಿ ತಿಳಿದವರು, ವಾರ್ಷಿಕ ಆಡಿಟ್‌ಗೆ ಕಾಗದಪತ್ರ ಸಿದ್ಧಪಡಿಸಬಲ್ಲವರು, ಕೌಂಟರಿಗೆ ಬಂದ ಸದಸ್ಯರಿಗೆ ಬಡ್ಡಿಯ ಲೆಕ್ಕವನ್ನು ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರು. ಈ ನಾಲ್ಕೇ ಹೋಲಿಕೆ ಪುಟದ ನಾಲ್ಕು ಸಾಲು. ಇಂಗ್ಲಿಷ್, ವ್ಯಕ್ತಿತ್ವ ಎಂಬ ಮಾತು ಪ್ರಕಟಣೆಯಲ್ಲಿ ಎಲ್ಲಿಯೂ ಇಲ್ಲ. ಯಾವುದೋ ಹಳೆಯ ನಮೂನೆಯಿಂದ ಬಂದು ಸೇರಿಕೊಂಡವು ಅವು. ಆ ಎರಡನ್ನು ತೆಗೆದರೆ 60ಕ್ಕೆ ಕ ಅವರಿಗೆ 46, ಖ ಅವರಿಗೆ 44, ಗ ಅವರಿಗೆ 40. ಮೇಲಿದ್ದವರು ಬದಲಾದರು. ಇಂಗ್ಲಿಷ್ ನಿಜಕ್ಕೂ ಬೇಕಿದ್ದರೆ ಸಂಘ ಅದನ್ನು ಪ್ರಕಟಣೆಯಲ್ಲೇ ಹೇಳಬೇಕಿತ್ತು. ಹೇಳದೆ ಅಂಕ ಕೊಡುವುದು ಅರ್ಜಿ ಹಾಕಿದವರಿಗೂ ಅನ್ಯಾಯ, ಹಾಕದೆ ಉಳಿದವರಿಗೂ ಅನ್ಯಾಯ.

ವ್ಯಕ್ತಿತ್ವದ ಕಾಲಮ್ಮಿನಿಂದ ಇನ್ನೊಂದು ಅಪಾಯವೂ ಇದೆ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಬೇರೆ ಬೇರೆ ಗುಣಗಳು. ಆದರೂ ಒಂದರಲ್ಲಿ ಹೆಚ್ಚು ಪಡೆದವರಿಗೆ ಉಳಿದವುಗಳಲ್ಲೂ ಸಾಮಾನ್ಯವಾಗಿ ಹೆಚ್ಚು ಬಂದಿತ್ತು. ಒಟ್ಟಾರೆ ಮೆಚ್ಚುಗೆ ಪ್ರತಿಯೊಂದು ಅಂಕಕ್ಕೂ ಹರಡಿತ್ತು. ಅದಕ್ಕಾಗಿಯೇ ಹೋಲಿಕೆ ಪುಟವನ್ನು ಒಬ್ಬೊಬ್ಬ ಅಭ್ಯರ್ಥಿಯ ಕಥೆಯಾಗಿ ಬರೆಯಬಾರದು. ನಗದು ತಾಳೆಯಲ್ಲಿ ಮೂವರೂ ಹೇಗೆ, ಅದು ಮುಗಿದ ಮೇಲೆ ಟ್ಯಾಲಿಯಲ್ಲಿ ಮೂವರೂ ಹೇಗೆ ಎಂದು ಸಾಲು ಸಾಲಾಗಿ ನೋಡಬೇಕು. ಹಾಗೆ ಓದಿದಾಗ ಒಬ್ಬರ ಮಾತಿನ ಚಂದ ಅವರ ಲೆಕ್ಕದ ಸಾಲಿಗೆ ಅಷ್ಟು ಸುಲಭವಾಗಿ ಹರಿಯುವುದಿಲ್ಲ.

ಈಗ ಆಡಿಟ್ ಸಿದ್ಧತೆಯ ಸಾಲನ್ನು ಬಿಡಿಸಿ ನೋಡಿ. ಈ ಉದಾಹರಣೆಯ ಜೀವ ಇರುವುದು ಅಲ್ಲಿ.

ಕ ಅವರಿಗೆ ಈ ಸಾಲಿನಲ್ಲಿ 9 ಅಂಕ, ಅಂದರೆ ಸರಾಸರಿ 3. ಆದರೆ ಅವರಿಗೆ 3 ಕೊಟ್ಟವರು ಯಾರೂ ಇಲ್ಲ. ಲೆಕ್ಕಪರಿಶೋಧಕರು 5 ಕೊಟ್ಟಿದ್ದಾರೆ, ಉಳಿದಿಬ್ಬರು 2. ಟಿಪ್ಪಣಿಗಳನ್ನು ಓದಿದರೆ ಕಾರಣ ತಿಳಿಯುತ್ತದೆ. ಲೆಕ್ಕಪರಿಶೋಧಕರು, ‘ಸಸ್ಪೆನ್ಸ್ ಖಾತೆಯಲ್ಲಿ ಉಳಿದಿದ್ದ ಹಳೆಯ ಬಾಕಿಗಳನ್ನು ವೋಚರ್ ಹಿಡಿದು ಹೇಗೆ ಬಿಡಿಸಿದೆ ಎಂದು ಹಂತ ಹಂತವಾಗಿ ಹೇಳಿದರು’ ಎಂದು ಬರೆದಿದ್ದಾರೆ. ಕಾರ್ಯದರ್ಶಿಯವರ ಟಿಪ್ಪಣಿ ‘ಉತ್ತರ ಚುಟುಕು’. ನಿರ್ದೇಶಕರದು ‘ಧೈರ್ಯ ಸಾಲದು’. ಒಂದು ಟಿಪ್ಪಣಿ ಅಭ್ಯರ್ಥಿ ಮಾಡಿದ ಕೆಲಸದ ಬಗ್ಗೆ, ಇನ್ನೆರಡು ಅವರು ಮಾತಾಡಿದ ರೀತಿಯ ಬಗ್ಗೆ. ಸರಾಸರಿಯ 3ನ್ನು ಪುಟಕ್ಕೆ ಹಾಕಿದರೆ ಸಮಿತಿ ಚರ್ಚಿಸಬೇಕಾದ ಮುಖ್ಯ ಸಂಗತಿಯೇ ಅಳಿಸಿಹೋಗುತ್ತದೆ. 5, 2, 2 ಎಂದೇ ಬರೆದು, ಪಕ್ಕದಲ್ಲಿ ಟಿಪ್ಪಣಿಗಳನ್ನು ಅವರವರ ಮಾತಿನಲ್ಲೇ ಇಡಬೇಕು. ಪುಟ ಸಿದ್ಧಪಡಿಸುವವರು ಆ ಮಾತುಗಳನ್ನು ತಿದ್ದಿ ನಯಗೊಳಿಸಲೂ ಬಾರದು, ಯಾರು ಸರಿ ಎಂದು ತೀರ್ಪು ಕೊಡಲೂ ಬಾರದು.

ಗ ಅವರ ಕಥೆ ಬೇರೆ. ಅವರಿಗೆ ಕಾರ್ಯದರ್ಶಿಯಿಂದ 4, ನಿರ್ದೇಶಕರಿಂದ 4. ಲೆಕ್ಕಪರಿಶೋಧಕರ ಅಂಕಪಟ್ಟಿಯಲ್ಲಿ ಆ ಜಾಗ ಖಾಲಿ. ಸಮಯ ಮೀರಿದ್ದರಿಂದ ಅವರು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಕೂಡುವಾಗ ಖಾಲಿ ಜಾಗ ಸೊನ್ನೆಯಾಯಿತು, 8 ಎಂದು ಬಿತ್ತು. ಕೇಳದ ಪ್ರಶ್ನೆಗೆ ಅಭ್ಯರ್ಥಿ ಶಿಕ್ಷೆ ಅನುಭವಿಸಿದಂತಾಯಿತು. ಕೇಳಿದಷ್ಟಕ್ಕೆ ಮಾತ್ರ ಲೆಕ್ಕ ಹಿಡಿದರೆ ಗ ಅವರ 40 ಅಂಕ 55ಕ್ಕೆ ಬಂದದ್ದು, ಅಂದರೆ ಶೇಕಡಾ 73. ಖ ಅವರ 60ಕ್ಕೆ 44 ಕೂಡ ಶೇಕಡಾ 73. ಮೊದಲ ಪಟ್ಟಿಯಲ್ಲಿ ಎಂಟು ಅಂಕ ಹಿಂದಿದ್ದವರು ಈಗ ಸಮಸಮ. ಹಾಗೆಂದು ಗ ಅವರ 4ನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಆಡಿಟ್ ಬಲ್ಲ ಒಬ್ಬರೇ ಅವರನ್ನು ಪರೀಕ್ಷಿಸಿಲ್ಲ. ಪುಟದಲ್ಲಿ ಹೋಗಬೇಕಾದ ಮಾತು ಇಷ್ಟೇ: ‘ಲೆಕ್ಕಪರಿಶೋಧಕರು ಕೇಳಿಲ್ಲ’.

ಶೇಕಡಾ 77ಕ್ಕೂ 73ಕ್ಕೂ ಇರುವ ಅಂತರದ ಬಗ್ಗೆಯೂ ಸ್ಪಷ್ಟವಾಗಿರಬೇಕು. ನಾಲ್ಕು ಅಂಶಗಳಲ್ಲಿ ಮೂವರು ಕೊಟ್ಟ ಅಂಕಗಳ ಮೊತ್ತದಲ್ಲಿ ಎರಡು ಅಂಕದ ವ್ಯತ್ಯಾಸ ಬರಲು ಒಬ್ಬರ ಕೈ ಸ್ವಲ್ಪ ಬಿಗಿಯಾಗಿದ್ದರೆ ಸಾಕು. ಅದನ್ನೇ ಆಧಾರವಾಗಿಟ್ಟುಕೊಂಡು ಒಂದು, ಎರಡು, ಮೂರು ಎಂದು ಸ್ಥಾನ ಕೊಡುವುದು ತಪ್ಪು. ಒಂದೊಂದು ಸಾಲಿನಲ್ಲಿ ಎದ್ದು ಕಾಣುವ ವ್ಯತ್ಯಾಸವನ್ನು ನೋಡುವುದು ಮೇಲು. ನಗದು ತಾಳೆಯಲ್ಲಿ 15ಕ್ಕೆ ಕ 13, ಗ 11, ಖ 10. ಸದಸ್ಯರೊಂದಿಗೆ ವ್ಯವಹಾರದಲ್ಲಿ ಕ 12, ಗ 11, ಖ 9. ಖ ಅವರ ಮೊದಲ ಸ್ಥಾನ ನಿಂತದ್ದು ಇಂಗ್ಲಿಷ್ ಮತ್ತು ವ್ಯಕ್ತಿತ್ವದ ಒಟ್ಟು 23ರ ಮೇಲೆ ಎಂಬುದು ಈಗ ಯಾರಿಗೂ ಕಾಣುತ್ತದೆ.

ಪುಟದೊಳಕ್ಕೆ ಬರಲೇಬಾರದ ಟಿಪ್ಪಣಿಗಳೂ ಇರುತ್ತವೆ. ‘ಮದುವೆಯಾದರೆ ಕೆಲಸ ಬಿಡಬಹುದು’, ‘ನಮ್ಮ ಕಡೆಯವರೇ’ ಎಂಬಂಥವು. ಇವು ಕೆಲಸಕ್ಕೆ ಸಂಬಂಧಪಟ್ಟವಲ್ಲ, ಸಮಿತಿಯ ಕಣ್ಣಿಗೆ ಒಮ್ಮೆ ಬಿದ್ದರೆ ಮರೆಸಲೂ ಆಗುವುದಿಲ್ಲ. ಬಿಟ್ಟುಬಿಡಬೇಕು, ಆದರೆ ಸುಮ್ಮನೆ ಅಲ್ಲ. ಇಂಥ ಟಿಪ್ಪಣಿ ಇದೆ, ಹೋಲಿಕೆಗೆ ಸೇರಿಸಿಲ್ಲ ಎಂದು ಅಧ್ಯಕ್ಷರಿಗೆ ತಿಳಿಸಬೇಕು. ಏಕೆಂದರೆ ಅದನ್ನು ಬರೆದವರು ಕೊಟ್ಟ ಅಂಕದೊಳಗೂ ಆ ಅಭಿಪ್ರಾಯ ಸೇರಿರಬಹುದು. ಇನ್ನೊಂದು ಎಚ್ಚರಿಕೆ ಸಂದರ್ಶನದ ದಿನದ್ದು: ಮೂವರೂ ಪರಸ್ಪರ ಮಾತಾಡುವ ಮೊದಲೇ ಅಂಕಪಟ್ಟಿ ಒಪ್ಪಿಸಿರಬೇಕು. ಚಹಾ ಕುಡಿಯುತ್ತಾ ಚರ್ಚಿಸಿದ ಮೇಲೆ ತುಂಬಿದ ಮೂರು ಪಟ್ಟಿ ನಿಜದಲ್ಲಿ ಒಂದೇ ಪಟ್ಟಿ. ಎಲ್ಲ ಸಾಲಿನಲ್ಲೂ ಮೂವರ ಅಂಕ ಒಂದೇ ತೆರನಾಗಿದ್ದರೆ ಹಾಗೆ ಆಗಿರಬಹುದೇ ಎಂದು ಕೇಳಿ ನೋಡಬೇಕು.

ಕೊನೆಗೆ ಸಮಿತಿಯ ಮುಂದೆ ಬರುವ ಪುಟ ಚಿಕ್ಕದು. ಪ್ರಕಟಣೆಯ ನಾಲ್ಕು ಸಾಲು, ಒಂದೊಂದರಲ್ಲೂ ಮೂವರ ಬಿಡಿ ಅಂಕ, ಪ್ರತಿ ಅಂಕಕ್ಕೆ ಆಧಾರವಾದ ಒಂದು ವಾಕ್ಯ. ಕೆಳಗೆ ತೀರ್ಮಾನವಾಗದೆ ಉಳಿದ ಎರಡು ಪ್ರಶ್ನೆ: ಕ ಅವರ ಆಡಿಟ್ ಸಿದ್ಧತೆಯ ಬಗ್ಗೆ ಮೂವರಿಗೆ ಒಮ್ಮತವಿಲ್ಲ, ಗ ಅವರನ್ನು ಅದರ ಬಗ್ಗೆ ಲೆಕ್ಕಪರಿಶೋಧಕರು ಕೇಳಿಲ್ಲ. ಎರಡಕ್ಕೂ ಒಂದೇ ಪರಿಹಾರ ಸಾಕು. ಹೆಸರು ಅಳಿಸಿದ ಒಂದು ತಿಂಗಳ ನಗದು ಪುಸ್ತಕವನ್ನೂ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಕೊಟ್ಟು, ಬೇಕೆಂದೇ ಬಿಟ್ಟ ಮೂರು ವ್ಯತ್ಯಾಸಗಳನ್ನು ಅರ್ಧ ಗಂಟೆಯಲ್ಲಿ ಹುಡುಕಲು ಹೇಳುವುದು. ಖ ಅವರನ್ನೂ ಕರೆಯಬೇಕು, ಮೂವರಿಗೂ ಅದೇ ಪುಸ್ತಕ, ಅಷ್ಟೇ ಸಮಯ. ಆ ಫಲಿತಾಂಶ ಬರುವವರೆಗೆ ಪುಟದಲ್ಲಿ ‘ಶಿಫಾರಸು’ ಎಂಬ ಜಾಗವನ್ನು ತುಂಬದೆ ಬಿಡಬೇಕು.