ನೇತ್ರಾಣಿಯಿಂದ ಘಾಟಿ ಹತ್ತುವ ಮುನ್ನ

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಬೆಳಗ್ಗೆ ಎರಡು ಸಲ ಸಮುದ್ರಕ್ಕಿಳಿದು, ಊಟ ಮುಗಿಸಿ, ಆಗುಂಬೆ ಘಾಟಿ ಹತ್ತಿ ಕತ್ತಲಾಗುವುದರೊಳಗೆ ಕೊಪ್ಪವನ್ನೋ ಶೃಂಗೇರಿಯನ್ನೋ ಸೇರಿಬಿಡಬಹುದು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಲೆಕ್ಕದಲ್ಲಿ ಗಾಳಿಯ ಒತ್ತಡ ಸೇರಿಲ್ಲ.

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವುದು ಒಂದು ವಾತಾವರಣದಷ್ಟು ಒತ್ತಡ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಇನ್ನೊಂದು ವಾತಾವರಣ ಸೇರುತ್ತ ಹೋಗುತ್ತದೆ. 18 ಮೀಟರ್ ಆಳದಲ್ಲಿ ಅದು 2.8. ಸಿಲಿಂಡರಿನ ಗಾಳಿಯೂ ಅಷ್ಟೇ ಒತ್ತಡದಲ್ಲಿ ಬಾಯಿಗೆ ಬರಬೇಕು, ಇಲ್ಲವಾದರೆ ಎದೆ ಹಿಗ್ಗುವುದೇ ಇಲ್ಲ. ಒತ್ತಡ ಹೆಚ್ಚಿದಷ್ಟೂ ಅನಿಲ ದ್ರವದಲ್ಲಿ ಹೆಚ್ಚು ಕರಗುತ್ತದೆ. ಆಮ್ಲಜನಕವನ್ನು ದೇಹ ಬಳಸಿಕೊಳ್ಳುತ್ತದೆ. ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಸಾರಜನಕವನ್ನು ಅದು ಬಳಸುವುದಿಲ್ಲ. ರಕ್ತದಲ್ಲಿ ಕರಗಿದ ಸಾರಜನಕ ಮೆದುಳು, ಸ್ನಾಯು, ಕೀಲು, ಕೊಬ್ಬುಗಳಿಗೆ ಹರಡಿ ಅಲ್ಲಿಯೇ ಉಳಿಯುತ್ತದೆ.

ತುಂಗೆಯಲ್ಲಿ ಯಾರಾದರೂ ಮುಳುಗಿದಾಗ ಉಸಿರು ಕಟ್ಟಿ ಧುಮುಕಿ ಹುಡುಕುವ ನಮ್ಮೂರ ಈಜುಗಾರರಿಗೆ ಈ ತೊಂದರೆ ಬರುವುದಿಲ್ಲ. ಅವರು ಒಯ್ಯುವುದು ಒಂದು ಎದೆತುಂಬ ಗಾಳಿಯನ್ನು ಮಾತ್ರ, ಒಳಗಿರುವುದು ಒಂದೆರಡು ನಿಮಿಷ. ಸಿಲಿಂಡರ್ ಕಟ್ಟಿಕೊಂಡವರು ಮುಕ್ಕಾಲು ಗಂಟೆ ಒತ್ತಡದ ಗಾಳಿಯನ್ನು ಉಸಿರಾಡುತ್ತಲೇ ಇರುತ್ತಾರೆ.

ಮೇಲೇರುವಾಗ ಹೊರಗಿನ ಒತ್ತಡ ಇಳಿಯುತ್ತದೆ. ಕರಗಿದ್ದ ಸಾರಜನಕ ರಕ್ತಕ್ಕೆ ಮರಳಿ ಶ್ವಾಸಕೋಶದ ಮೂಲಕ ಹೊರಹೋಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಏರಿಕೆ ಅದಕ್ಕಿಂತ ಬೇಗವಾದರೆ ಅನಿಲ ಇದ್ದಲ್ಲಿಯೇ ಗುಳ್ಳೆಗಟ್ಟುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, 1908ರಲ್ಲಿ ಒಂದು ನಿಯಮ ಕೊಟ್ಟರು: ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ತಾಳಬಹುದು, ಅದಕ್ಕಿಂತ ಹೆಚ್ಚು ಒಮ್ಮೆಲೇ ಇಳಿಸಬಾರದು. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅನಿಲ ತುಂಬಿಕೊಳ್ಳುವುದಿಲ್ಲ ಎಂಬುದನ್ನೂ ಅವರು ಲೆಕ್ಕಕ್ಕೆ ತಂದರು. ಕೆಲವು ಭಾಗ ಐದು ನಿಮಿಷದಲ್ಲಿ ಅರ್ಧ ತುಂಬುತ್ತದೆ, ಕೆಲವಕ್ಕೆ ಗಂಟೆಗಟ್ಟಲೆ ಬೇಕು. ಖಾಲಿಯಾಗುವುದೂ ಅಷ್ಟೇ ನಿಧಾನ. ಅವರ ಅನುಪಾತವನ್ನು ಮುಂದಿನವರು ತಿದ್ದಿದರು, ಆದರೆ ಇಂದಿನ ಡೈವ್ ಕೋಷ್ಟಕಗಳ ಬುನಾದಿ ಅದೇ.

ಈಗ ನಮ್ಮ ಪ್ರಯಾಣಿಕನನ್ನು ನೋಡೋಣ. 18 ಮೀಟರ್‌ನಲ್ಲಿ 40 ನಿಮಿಷ, ದೋಣಿಯಲ್ಲಿ ಒಂದು ಗಂಟೆ ವಿರಾಮ, ಎರಡನೆಯ ಸಲ ಕೋಷ್ಟಕ ಬಿಟ್ಟುಕೊಡುವಷ್ಟೇ ಹೊತ್ತು. ಕೋಷ್ಟಕದ ಮಿತಿ ಮೀರಿಲ್ಲ, ನಿಧಾನವಾಗಿಯೇ ಮೇಲೆ ಬಂದಿದ್ದಾನೆ. ನಾಲ್ಕು ಗಂಟೆಯ ನಂತರ ಆಗುಂಬೆಯ ತಿರುವುಗಳಲ್ಲಿದ್ದಾನೆ. ಎರಡು ಗಂಟೆಗೆ ಅರ್ಧ ಖಾಲಿಯಾಗುವ ಅಂಗಾಂಶದಲ್ಲಿ ಹೆಚ್ಚುವರಿ ಸಾರಜನಕದ ಕಾಲು ಭಾಗ ಇನ್ನೂ ಉಳಿದಿದೆ. ಕೊಪ್ಪ, ಶೃಂಗೇರಿ ಇರುವ ಸುಮಾರು 700 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ 0.92 ವಾತಾವರಣ. ಹಾಲ್ಡೇನರ ಅರ್ಧದ ನಿಯಮದ ಪ್ರಕಾರ ಹೊಸ ಗುಳ್ಳೆ ಹುಟ್ಟಲು ಇದು ಸಾಲದು.

ಆದರೆ ಗುಳ್ಳೆಗಳು ಆಗಲೇ ಹುಟ್ಟಿರಬಹುದು. ಯಾವ ನೋವೂ ಇಲ್ಲದ, ನಿಯಮ ಮೀರದ ಡೈವರ್‌ಗಳ ರಕ್ತನಾಳಗಳಲ್ಲೂ ಸಣ್ಣ ಗುಳ್ಳೆಗಳು ಹರಿಯುವುದು ಡಾಪ್ಲರ್ ಅಲ್ಟ್ರಾಸೌಂಡ್ ಬಂದ ಮೇಲೆ ಗೊತ್ತಾಯಿತು. ಸಾಮಾನ್ಯವಾಗಿ ಶ್ವಾಸಕೋಶ ಅವನ್ನು ಸೋಸಿಬಿಡುತ್ತದೆ. ಘಾಟಿ ಹತ್ತಿದಾಗ ಇಂಥ ಗುಳ್ಳೆ ಒತ್ತಡ ಇಳಿದದ್ದರಿಂದಲೇ ಶೇ. 9ರಷ್ಟು ಹಿಗ್ಗುತ್ತದೆ, ಸುತ್ತಲಿನ ಅಂಗಾಂಶದಲ್ಲಿ ಉಳಿದ ಸಾರಜನಕವೂ ಅದರೊಳಗೆ ನುಗ್ಗುತ್ತದೆ. ಹೊಸದಾಗಿ ಹುಟ್ಟುವುದಕ್ಕಿಂತ ಇದ್ದದ್ದು ಬೆಳೆಯುವುದು ಬಹಳ ಸುಲಭ. ಅಪಾಯ ದೊಡ್ಡದೇನಲ್ಲ, ಆದರೆ ಸುಮ್ಮನೆ ತಂದುಕೊಳ್ಳುವಂಥದ್ದೂ ಅಲ್ಲ. ಡೈವಿಂಗ್ ನಂತರದ ವಿಮಾನ ಪ್ರಯಾಣಕ್ಕಾಗಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಕೊಟ್ಟಿರುವ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ನಮ್ಮೂರುಗಳು ಆ ಗೆರೆಯ ಮೇಲಿವೆ. ಆ ರಾತ್ರಿ ಕರಾವಳಿಯಲ್ಲೇ ಮಲಗುವುದು ಒಳ್ಳೆಯದು.

ನರಸಿಂಹರಾಜಪುರದ ಭದ್ರಾ ಹಿನ್ನೀರಿನಲ್ಲಿ ಸಿಲಿಂಡರ್ ಕಟ್ಟಿ ಇಳಿಯುವವರಿಗೆ ಕಾಯುವ ಅವಕಾಶವೂ ಇಲ್ಲ. ಅಣೆಕಟ್ಟು ತುಂಬಿದಾಗ ನೀರಿನ ಮೇಲ್ಮೈಯೇ ಸಮುದ್ರಮಟ್ಟದಿಂದ 650 ಮೀಟರಿಗಿಂತ ಎತ್ತರದಲ್ಲಿರುತ್ತದೆ. ತಲೆ ಹೊರಗಿಟ್ಟ ಕ್ಷಣವೇ ಆ ಕಡಿಮೆ ಒತ್ತಡಕ್ಕೆ ಬಂದಿರುತ್ತಾರೆ. ಆದ್ದರಿಂದ ಎತ್ತರದ ಕೆರೆಗಳಿಗೆಂದು ತಿದ್ದಿದ ಕೋಷ್ಟಕವನ್ನೇ ಅವರು ಬಳಸಬೇಕು.

ಗುಳ್ಳೆಗಳಿಂದ ಬರುವ, ಡೈವರ್‌ಗಳು ಬೆಂಡ್ಸ್ ಎನ್ನುವ ಕಾಯಿಲೆ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲಿ, ಬಹುಪಾಲು ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹೆಗಲಲ್ಲಿ ಅಥವಾ ಮೊಣಕೈಯಲ್ಲಿ ಆಳವಾದ ನೋವು, ವಿಪರೀತ ಸುಸ್ತು, ಚರ್ಮದ ತುರಿಕೆ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಗುಳ್ಳೆ ಬೆನ್ನುಹುರಿಗೆ ತಟ್ಟಿದೆ ಎಂದು ತಿಳಿಯಬೇಕು. ಭಾರದ ಸಿಲಿಂಡರ್ ಎತ್ತಿದ್ದಕ್ಕೆ ಹೆಗಲು ಉಳುಕಿದೆ ಎಂದು ಎಣ್ಣೆ ತಿಕ್ಕಿ ಮಲಗಿಬಿಡುವುದೇ ಇಲ್ಲಿ ಆಗುವ ತಪ್ಪು. ವೈದ್ಯರಿಗೆ ಮೊದಲು ಹೇಳಬೇಕಾದ್ದು ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ ಇಳಿದಿದ್ದೆವು ಎಂಬುದನ್ನು. ತಕ್ಷಣ ಶುದ್ಧ ಆಮ್ಲಜನಕ ಕೊಟ್ಟರೆ ಸಾರಜನಕ ಬೇಗ ತೊಳೆದುಹೋಗುತ್ತದೆ. ಆಮೇಲೆ ಒತ್ತಡದ ಕೋಣೆಯ ಚಿಕಿತ್ಸೆ. ರೋಗಿಯನ್ನು ಮತ್ತೆ 18 ಮೀಟರ್ ಆಳದ ಒತ್ತಡಕ್ಕೆ ಒಯ್ದು, ಗುಳ್ಳೆಗಳನ್ನು ಕುಗ್ಗಿಸಿ, ಆಮ್ಲಜನಕ ಉಸಿರಾಡಿಸುತ್ತ ಸುಮಾರು ಐದು ಗಂಟೆಯಲ್ಲಿ ಮೆಲ್ಲಗೆ ಮೇಲೆ ತರುತ್ತಾರೆ.